ಮದುವೆ ಮನೆಯ ಒಂದೇ ಬಚ್ಚಲು, ಹನ್ನೆರಡು ಸರ್ವರ್‌ಗಳು

ಆ್ಯಪ್ ನಿಧಾನವಾಯಿತು ಅಂದಕೂಡಲೇ ಮೀಟಿಂಗ್ ರೂಮಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಇನ್ನೂ ನಾಲ್ಕು ಸರ್ವರ್ ಹಾಕಿಸಿಬಿಡಿ." ಹೇಳುವವರದ್ದು ತಪ್ಪಿಲ್ಲ. ಅಂಗಡಿಯಲ್ಲಿ ಜನ ಜಾಸ್ತಿಯಾದರೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತೇವೆ, ಮದುವೆಗೆ ನೆಂಟರು ಹೆಚ್ಚಾದರೆ ಇನ್ನಿಬ್ಬರು ಬಡಿಸುವವರನ್ನು ಕರೆಸುತ್ತೇವೆ. ಕಂಪ್ಯೂಟರ್ ವಿಷಯದಲ್ಲೂ ಹಾಗೇ ಇರಬೇಕಲ್ಲ ಅನ್ನುವುದು ಸಹಜ. ಎಷ್ಟೋ ಸಲ ಅದು ನಿಜವೂ ಹೌದು.

ಆದರೆ ಡೇಟಾಬೇಸ್ ಅನ್ನುವ ಜಾಗದಲ್ಲಿ ಈ ಲೆಕ್ಕ ಕೆಲವೊಮ್ಮೆ ಕೈಕೊಡುತ್ತದೆ. ಬರೀ ಕೈಕೊಡುವುದಲ್ಲ, ಉಲ್ಟಾ ಹೊಡೆಯುತ್ತದೆ. ಸರ್ವರ್ ಹೆಚ್ಚಿಸಿದ ಮೇಲೆ ಮೊದಲಿಗಿಂತ ನಿಧಾನವಾಗುತ್ತದೆ. ಬಿಲ್ ಮಾತ್ರ ತಪ್ಪದೆ ಬರುತ್ತದೆ.

ನಾನು ಬೆಂಗಳೂರಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿರುವವಳು. ಕೋಡ್ ಬರೆಯದ, ಆದರೆ ಬಜೆಟ್‌ಗೆ ಸಹಿ ಹಾಕಬೇಕಾದ ಮ್ಯಾನೇಜರ್‌ಗಳು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಅದಕ್ಕೆ ಈ ಸಲ ನಾನು ಹತ್ತಿರದಿಂದ ಕಂಡ ಒಂದೇ ಒಂದು ಪ್ರಕರಣವನ್ನು ಎತ್ತಿಕೊಂಡು ಪೂರ್ತಿ ಬಿಡಿಸಿ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಹತ್ತು ಗಂಟೆಗೆ ಬುಕಿಂಗ್ ಶುರು

ಅದು ಸಂಗೀತ, ನಾಟಕ, ಕಾಮಿಡಿ ಶೋಗಳಿಗೆ ಟಿಕೆಟ್ ಮಾರುವ ಒಂದು ಆನ್‌ಲೈನ್ ಸಂಸ್ಥೆ. ಮಾಮೂಲಿ ದಿನಗಳಲ್ಲಿ ಎಲ್ಲ ಸಲೀಸು. ಒಂದು ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಮೂರು ಸಾವಿರ ಸೀಟು, ಸೀಟಿಗೆ ನಂಬರ್ ಇಲ್ಲ, ಮೊದಲು ಬಂದವರು ಮುಂದೆ ಕೂರಬಹುದು. ಬೆಳಿಗ್ಗೆ 10 ಗಂಟೆಗೆ ಬುಕಿಂಗ್ ಶುರು. 10 ಗಂಟೆ 1 ನಿಮಿಷಕ್ಕೆ ಎಲ್ಲರ ಫೋನಿನಲ್ಲೂ ಚಕ್ರ ತಿರುಗತೊಡಗಿತು. ಆ ಕಾರ್ಯಕ್ರಮ ಮಾತ್ರವಲ್ಲ, ಅದೇ ಹೊತ್ತಿಗೆ ಪುಟ್ಟ ನಾಟಕವೊಂದಕ್ಕೆ ಟಿಕೆಟ್ ತೆಗೆದುಕೊಳ್ಳಲು ಬಂದವರಿಗೂ ಅದೇ ಗತಿ.

ಆಗ ಅಲ್ಲಿದ್ದದ್ದು ನಾಲ್ಕು ಆ್ಯಪ್ ಸರ್ವರ್, ಹಿಂದೆ ಒಂದು ಡೇಟಾಬೇಸ್. ಆ್ಯಪ್ ಸರ್ವರ್ ಅಂದರೆ ನಿಮ್ಮ ಫೋನಿನಿಂದ ಬಂದ ಕೋರಿಕೆಯನ್ನು ಕೈಗೆತ್ತಿಕೊಳ್ಳುವ ಯಂತ್ರ. ಡೇಟಾಬೇಸ್ ಅಂದರೆ ಯಾರು ಏನು ಬುಕ್ ಮಾಡಿದರು, ಎಷ್ಟು ಸೀಟು ಉಳಿದಿದೆ ಎನ್ನುವ ಲೆಕ್ಕದ ಪುಸ್ತಕ ಇರುವ ಜಾಗ. ಪ್ರತಿ ಆ್ಯಪ್ ಸರ್ವರ್ ಡೇಟಾಬೇಸಿನ ಜೊತೆ ಐವತ್ತು ಲೈನು ತೆರೆದಿಟ್ಟುಕೊಂಡಿರುತ್ತಿತ್ತು. ಇವಕ್ಕೆ ಕನೆಕ್ಷನ್ ಅನ್ನುತ್ತೇವೆ. ಒಟ್ಟು ಇನ್ನೂರು.

"ದುಡ್ಡಿನ ಚಿಂತೆ ಬೇಡ ಮೇಡಂ, ಮುಂದಿನ ಶೋಗೆ ಸರ್ವರ್ ಮೂರು ಪಟ್ಟು ಮಾಡಿಸಿಬಿಡೋಣ" ಅಂದರು ಆಪರೇಷನ್ಸ್ ನೋಡಿಕೊಳ್ಳುವವರು. ನಾನು ಆ ತಂಡ ಸೇರುವ ಹೊತ್ತಿಗೆ ಆದೇಶ ಹೋಗಿಯಾಗಿತ್ತು. ನಾಲ್ಕಿದ್ದದ್ದು ಹನ್ನೆರಡಾಯಿತು, ಕನೆಕ್ಷನ್ ಇನ್ನೂರಿದ್ದದ್ದು ಆರುನೂರಾಯಿತು. ಮುಂದಿನ ಶೋ ಮೊದಲಿಗಿಂತ ಕೆಟ್ಟದಾಗಿ ನಿಂತಿತು. ಜನ ಬೈದದ್ದು ಕಸ್ಟಮರ್ ಕೇರ್ ಹುಡುಗಿಯರನ್ನ, ಮ್ಯಾನೇಜ್‌ಮೆಂಟ್ ಬೈದದ್ದು ಡೆವಲಪರ್‌ಗಳನ್ನ.

ಒಂದು ಸಾಲು, ಒಂದು ಚಿಲಕ

ಏನಾಗುತ್ತಿತ್ತು ಅಂತ ನೋಡೋಣ. ಡೇಟಾಬೇಸಿನಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಸಾಲು. ಆ ಸಾಲಿನಲ್ಲಿ 'ಉಳಿದ ಸೀಟು' ಅಂತ ಒಂದು ಅಂಕಿ. ಯಾರಾದರೂ 'ಬುಕ್ ಮಾಡಿ' ಒತ್ತಿದರೆ ಆ ಅಂಕಿಯಿಂದ ಒಂದನ್ನು ಕಳೆದು, ಬುಕಿಂಗ್ ಬರೆದುಕೊಂಡು, ಗ್ರಾಹಕರಿಗೆ ಎಸ್‌ಎಂಎಸ್ ಕಳಿಸಬೇಕು: 'ಸೀಟು ಹಿಡಿದಿಟ್ಟಿದ್ದೇವೆ, ಹತ್ತು ನಿಮಿಷದೊಳಗೆ ಹಣ ಕಟ್ಟಿ'. ಕೋಡಿನಲ್ಲಿ ಅದು ಹೆಚ್ಚುಕಡಿಮೆ ಹೀಗಿತ್ತು:

```sql
BEGIN;
UPDATE shows SET seats_left = seats_left - 1
 WHERE id = 71 AND seats_left > 0;
INSERT INTO bookings (show_id, user_id)
 VALUES (71, 5012);
-- ಇಲ್ಲಿ ಎಸ್‌ಎಂಎಸ್ ಕಳಿಸಿ ಉತ್ತರಕ್ಕೆ ಕಾಯುವುದು
COMMIT;
```

ಕೋಡ್ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಮೊದಲ ಪದ `BEGIN`, ಕೊನೆಯ ಪದ `COMMIT`, ಇವೆರಡನ್ನು ಮಾತ್ರ ನೋಡಿ. ಇವೆರಡರ ನಡುವೆ ಇರುವುದಕ್ಕೆ ಟ್ರಾನ್ಸಾಕ್ಷನ್ ಅಂತ ಹೆಸರು. ಅಷ್ಟೂ ಕೆಲಸ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನುವ ಕರಾರು ಅದು.

ಇಬ್ಬರು ಒಂದೇ ಕ್ಷಣದಲ್ಲಿ ಆ ಅಂಕಿಯನ್ನು ಬದಲಿಸಲು ಬಂದರೆ ಏನಾಗಬೇಕು? ಉಳಿದಿರುವುದು ಒಂದೇ ಸೀಟು ಅಂದುಕೊಳ್ಳಿ. ಇಬ್ಬರೂ 'ಒಂದು ಉಳಿದಿದೆ' ಅಂತ ಓದಿಕೊಂಡು ಇಬ್ಬರೂ ತೆಗೆದುಕೊಂಡರೆ ಬಾಗಿಲಲ್ಲಿ ಜಗಳ. ಅದಕ್ಕೆ ಡೇಟಾಬೇಸ್ ಒಂದು ಉಪಾಯ ಮಾಡುತ್ತದೆ. ಮೊದಲು ಬಂದವರು ಆ ಸಾಲನ್ನು ಮುಟ್ಟಿದ ಕೂಡಲೇ ಅದಕ್ಕೆ ಚಿಲಕ ಬೀಳುತ್ತದೆ. ಇದನ್ನು ಲಾಕ್ ಅನ್ನುತ್ತೇವೆ. `COMMIT` ಆದಾಗಲೇ ಚಿಲಕ ತೆಗೆಯುವುದು. ಅಲ್ಲಿಯವರೆಗೆ ಅದೇ ಸಾಲನ್ನು ಬದಲಿಸಬೇಕಾದವರೆಲ್ಲ ಹೊರಗೆ ಕಾಯಬೇಕು.

ಒಂದೇ ಬಚ್ಚಲಿರುವ ಮದುವೆ ಮನೆಯ ಬೆಳಗನ್ನು ನೆನಪಿಸಿಕೊಳ್ಳಿ. ಚಿಲಕ ಇರುವುದು ತಪ್ಪಲ್ಲ, ಇರಲೇಬೇಕು. ಒಬ್ಬೊಬ್ಬರು ಐದು ನಿಮಿಷದಲ್ಲಿ ಮುಗಿಸಿದರೆ ಗಂಟೆಗೆ ಹನ್ನೆರಡು ಜನ. ಹೊರಗೆ ಇಪ್ಪತ್ತು ಜನ ನಿಂತಿರಲಿ, ಇನ್ನೂರು ಜನ ನಿಂತಿರಲಿ, ಗಂಟೆಗೆ ಹನ್ನೆರಡೇ. ಈಗ ಒಳಗೆ ಹೋದವರೊಬ್ಬರು ಸ್ನಾನ ಮುಗಿಸಿಕೊಂಡು, ಚಿಲಕ ತೆಗೆಯದೆ, ಅಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರೆ? ನಮ್ಮ ಕೋಡ್ ಮಾಡುತ್ತಿದ್ದದ್ದು ಅದನ್ನೇ.

ಸೀಟು ಕಳೆಯುವುದು, ಬುಕಿಂಗ್ ಬರೆಯುವುದು, `COMMIT` ಮಾಡುವುದು, ಎಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 10 ಮಿಲಿಸೆಕೆಂಡ್. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್. ಎಸ್‌ಎಂಎಸ್ ಕಳಿಸುವ ಹೊರಗಿನ ಕಂಪನಿಯಿಂದ 'ಸಿಕ್ಕಿತು' ಅನ್ನುವ ಉತ್ತರ ಬರಲು 240 ಮಿಲಿಸೆಕೆಂಡ್. ಚಿಲಕ ಹಾಕಿದ್ದ ಒಟ್ಟು ಹೊತ್ತು 250. ಅಂದರೆ ಸೆಕೆಂಡಿಗೆ ನಾಲ್ಕೇ ಬುಕಿಂಗ್. ನಿಮಿಷಕ್ಕೆ 240. ಮೂರು ಸಾವಿರ ಸೀಟು ಹೋಗಲು ಹನ್ನೆರಡೂವರೆ ನಿಮಿಷ, ಅದೂ ಎಲ್ಲ ಸರಿಯಾಗಿ ನಡೆದರೆ.

ಈ ನಾಲ್ಕು ಅನ್ನುವ ಅಂಕಿಯಲ್ಲಿ ಆ್ಯಪ್ ಸರ್ವರ್ ಎಷ್ಟು ಎನ್ನುವ ಲೆಕ್ಕ ಎಲ್ಲೂ ಬಂದಿಲ್ಲ, ಗಮನಿಸಿ. ನಾಲ್ಕಿದ್ದರೂ ನಾಲ್ಕೇ, ಹನ್ನೆರಡಿದ್ದರೂ ನಾಲ್ಕೇ. ಡೇಟಾಬೇಸಿಗೆ ಇನ್ನೂ ದೊಡ್ಡ ಯಂತ್ರ ತಂದರೂ ವೇಗವಾಗುವುದು ಆ 10 ಮಿಲಿಸೆಕೆಂಡಿನ ಪಾಲು ಮಾತ್ರ. ಫೋನಿನಲ್ಲಿ ಮಾತಾಡುವ 240ಕ್ಕೆ ಯಂತ್ರದ ಗಾತ್ರ ಸಂಬಂಧವೇ ಇಲ್ಲ.

ಹೆಚ್ಚಿಸಿದ ಮೇಲೆ ಹದಗೆಟ್ಟದ್ದು ಯಾಕೆ?

ಸರಿ, ವೇಗ ಹೆಚ್ಚಲಿಲ್ಲ. ಆದರೆ ಕಡಿಮೆ ಯಾಕಾಯಿತು? ಮ್ಯಾನೇಜರ್‌ಗಳಿಗೆ ನಂಬಲು ಕಷ್ಟವಾಗುವ ಭಾಗ ಇದು. ನಿಧಾನವಾಗಿ ನೋಡೋಣ.

ನಮ್ಮ ಆ್ಯಪ್ ಮೂವತ್ತು ಸೆಕೆಂಡ್ ಕಾದು ಉತ್ತರ ಬಾರದಿದ್ದರೆ 'ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ' ಅಂತ ತೋರಿಸುತ್ತಿತ್ತು. ಸೆಕೆಂಡಿಗೆ ನಾಲ್ಕು ಜನರಂತೆ ಮೂವತ್ತು ಸೆಕೆಂಡಿನಲ್ಲಿ ಒಳಗೆ ಹೋಗಿ ಬರಬಲ್ಲವರು 120 ಜನ. ಹಾಗಾಗಿ ಚಿಲಕದ ಮುಂದಿನ ಕ್ಯೂನಲ್ಲಿ 120ಕ್ಕಿಂತ ಹಿಂದೆ ನಿಂತವರ ಸರದಿ ಬರುವಷ್ಟರಲ್ಲಿ ಅವರ ಫೋನು ಕೈಬಿಟ್ಟಾಗಿರುತ್ತದೆ.

ಆದರೆ ಗ್ರಾಹಕರು ಕೈಬಿಟ್ಟರೂ ಸರ್ವರ್ ಒಳಗಿನ ಕೋರಿಕೆ ಕೈಬಿಡುವುದಿಲ್ಲ. ಅದು ತನ್ನ ಪಾಡಿಗೆ ಕ್ಯೂನಲ್ಲಿ ನಿಂತಿರುತ್ತದೆ, ಸರದಿ ಬಂದಾಗ ಒಳಗೆ ಹೋಗುತ್ತದೆ, 250 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಹೊರಟುಹೋದ ಮನುಷ್ಯನ ಹೆಸರಿನಲ್ಲಿ ಒಂದು ಸೀಟು ಹಿಡಿದಿಡುತ್ತದೆ. ಆ ಮನುಷ್ಯ ಅಷ್ಟರಲ್ಲಿ 'ಮತ್ತೆ ಪ್ರಯತ್ನಿಸಿ' ಒತ್ತಿ ಕ್ಯೂನ ಕೊನೆಗೆ ಇನ್ನೊಂದು ಸಲ ಸೇರಿಕೊಂಡಿರುತ್ತಾನೆ. ಒಬ್ಬನೇ ಮನುಷ್ಯ, ಎರಡು ಸರದಿ, ಎರಡು ಸೀಟು.

ಇನ್ನೂರು ಕನೆಕ್ಷನ್ ಇದ್ದಾಗ ಚಿಲಕದ ಮುಂದೆ ನಿಲ್ಲಬಹುದಾದವರು ಹೆಚ್ಚೆಂದರೆ ಇನ್ನೂರು. ಕ್ಯೂ ತುಂಬಿದಾಗ ಕಾಯುವ ಹೊತ್ತು ಐವತ್ತು ಸೆಕೆಂಡ್. ಅದೇ ಮೂವತ್ತನ್ನು ಮೀರಿತ್ತು. ಜನ ಕ್ಯೂನಲ್ಲಿ ಎರಡೆರಡು ಸಲ ಇದ್ದರು. ಕನೆಕ್ಷನ್ ಆರುನೂರಾದಾಗ ಕ್ಯೂ ಆರುನೂರಕ್ಕೆ ಬೆಳೆಯಿತು. ಕಾಯುವ ಹೊತ್ತು 150 ಸೆಕೆಂಡ್. ಮೂವತ್ತು ಸೆಕೆಂಡಿಗೊಮ್ಮೆ ಒತ್ತುವವನು ಅಷ್ಟರಲ್ಲಿ ಐದು ಸಲ ಕ್ಯೂ ಸೇರಬಹುದು. ಹಾಗಾಗಿ ಡೇಟಾಬೇಸ್ ಬಿಡುವಿಲ್ಲದೆ ಕೆಲಸ ಮಾಡುತ್ತಿದ್ದರೂ ಅದರಲ್ಲಿ ಬಹುಪಾಲು ಯಾರೂ ಕಾಯದೇ ಇದ್ದ ಕೆಲಸ. ಹಿಡಿದಿಟ್ಟ ಸೀಟುಗಳಿಗೆ ಹತ್ತು ನಿಮಿಷ ಹಣ ಬರುವುದಿಲ್ಲ, ಆಮೇಲೆ ಅವು ಮರಳಿ ಮಾರಾಟಕ್ಕೆ ಬರುತ್ತವೆ. ಅದಕ್ಕೇ ಆ ದಿನ ಗ್ರಾಹಕರಿಗೆ ಒಮ್ಮೆ 'ಭರ್ತಿ', ಸ್ವಲ್ಪ ಹೊತ್ತಿಗೆ 'ಲಭ್ಯ' ಅಂತ ಕಾಣಿಸುತ್ತಿದ್ದದ್ದು. ಮೋಸ ಮಾಡ್ತಿದ್ದೀರಾ ಅಂತ ಜನ ಕೇಳಿದ್ದು ಅದಕ್ಕೇ.

ಪುಟ್ಟ ನಾಟಕದ ಟಿಕೆಟ್ ಯಾಕೆ ಸಿಗಲಿಲ್ಲ? ಅದರ ಸಾಲು ಬೇರೆ, ಅದಕ್ಕೆ ಚಿಲಕವೇನೂ ಬಿದ್ದಿರಲಿಲ್ಲ. ಆದರೆ ಅಲ್ಲಿಗೆ ಹೋಗಲು ಒಂದು ಕನೆಕ್ಷನ್ ಬೇಕು. ಇದ್ದ ಬದ್ದ ಕನೆಕ್ಷನ್‌ಗಳನ್ನೆಲ್ಲ ಸಂಗೀತ ಕಾರ್ಯಕ್ರಮದ ಕ್ಯೂನಲ್ಲಿದ್ದವರು ಹಿಡಿದುಕೊಂಡಿದ್ದರು. ಬಚ್ಚಲಿನ ಕ್ಯೂ ಹಜಾರ ದಾಟಿ ಮುಂಬಾಗಿಲವರೆಗೆ ಬಂದರೆ ಹೂವಿನವನೂ ಒಳಗೆ ಬರಲಾಗುವುದಿಲ್ಲವಲ್ಲ, ಹಾಗೆ.

ಕಂಡುಹಿಡಿಯುವುದು ಹೇಗೆ?

ಇಂಥ ಪರಿಸ್ಥಿತಿಯ ಮೊದಲ ಗುರುತು ಒಂದು ವಿಚಿತ್ರ ಜೋಡಿ: ಹೊರಗೆ ಎಲ್ಲರೂ ಕಾಯುತ್ತಿದ್ದಾರೆ, ಒಳಗೆ ಡೇಟಾಬೇಸ್ ಯಂತ್ರ ಆರಾಮಾಗಿದೆ. ನಮ್ಮಲ್ಲಿ ಸಿಪಿಯು ಬಳಕೆ ನೂರಕ್ಕೆ ಹದಿನೈದು ದಾಟಿರಲಿಲ್ಲ. ಯಂತ್ರಕ್ಕೆ ನಿಜವಾಗಿ ಕೆಲಸ ಹೆಚ್ಚಾಗಿದ್ದರೆ ಅದು ಎಂಬತ್ತು, ತೊಂಬತ್ತು ತೋರಿಸಬೇಕಿತ್ತು. ಸುಸ್ತಾಗದವನಿಗೆ ಸಹಾಯಕರನ್ನು ಕೊಟ್ಟು ಪ್ರಯೋಜನವಿಲ್ಲ.

ಮುಂದಿನ ಹೆಜ್ಜೆ, ಯಾರು ಯಾತಕ್ಕೆ ಕಾಯುತ್ತಿದ್ದಾರೆ ಅಂತ ಡೇಟಾಬೇಸನ್ನೇ ಕೇಳುವುದು. ಅಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಅದರಲ್ಲಿ ಹೀಗೆ ಕೇಳಬಹುದು:

```sql
SELECT state, wait_event_type, count(*)
FROM pg_stat_activity
WHERE datname = 'booking'
  AND pid <> pg_backend_pid()
GROUP BY state, wait_event_type;
```

ನಾಲ್ಕು ಸರ್ವರ್ ಕಾಲದ ದಾಖಲೆ ತೆಗೆದು ನೋಡಿದರೆ ಚಿತ್ರ ಸ್ಪಷ್ಟವಿತ್ತು. ಇನ್ನೂರು ಕನೆಕ್ಷನ್‌ಗಳಲ್ಲಿ 187ರ ಮುಂದೆ `Lock` ಅಂತ ಬರೆದಿತ್ತು. ಅಂದರೆ ಚಿಲಕ ತೆಗೆಯಲಿ ಅಂತ ಕಾಯುತ್ತಿರುವವರು. ಹನ್ನೆರಡು ಸುಮ್ಮನಿದ್ದವು. ಉಳಿದ ಒಂದರ ಮುಂದೆ `idle in transaction` ಅಂತಿತ್ತು.

ಆ ಒಂದೇ ಇಡೀ ಕಥೆ. `idle` ಅಂದರೆ ಡೇಟಾಬೇಸಿನ ಲೆಕ್ಕದಲ್ಲಿ ಏನೂ ಕೆಲಸ ಮಾಡುತ್ತಿಲ್ಲ. `in transaction` ಅಂದರೆ ಟ್ರಾನ್ಸಾಕ್ಷನ್ ಇನ್ನೂ ಮುಗಿಸಿಲ್ಲ. ಬಚ್ಚಲಿನ ಒಳಗಿದ್ದಾರೆ, ನೀರಿನ ಸದ್ದಿಲ್ಲ, ಚಿಲಕ ಹಾಕಿದೆ. 187 ಜನ ಕಾಯುತ್ತಿರುವುದು ಕೆಲಸ ಮಾಡದ ಒಬ್ಬರಿಗಾಗಿ. ಎಸ್‌ಎಂಎಸ್ ಕಂಪನಿಯ ಉತ್ತರ ಬರುವವರೆಗೆ ಡೇಟಾಬೇಸಿಗೆ ಮಾಡಲು ಏನೂ ಇರಲಿಲ್ಲ.

ಸರಿಮಾಡಿದ್ದು

ಎಸ್‌ಎಂಎಸ್ ಅನ್ನು ಟ್ರಾನ್ಸಾಕ್ಷನ್ ಒಳಗೆ ಇಟ್ಟ ಹುಡುಗನನ್ನು ಕೇಳಿದೆ. ಅವನ ಉತ್ತರದಲ್ಲಿ ಅರ್ಥವಿತ್ತು. "ಮೇಡಂ, ಎಸ್‌ಎಂಎಸ್ ಹೋಗ್ಲಿಲ್ಲ ಅಂದ್ರೆ ಅವರಿಗೆ ಹಣ ಕಟ್ಟೋ ಲಿಂಕೇ ಸಿಗಲ್ಲ. ಸೀಟು ಸುಮ್ನೆ ಹಿಡಿದಿಟ್ಟಂಗಾಗತ್ತೆ. ಅದಕ್ಕೆ ಎಸ್‌ಎಂಎಸ್ ಹೋದ್ರೆ ಮಾತ್ರ ಬುಕಿಂಗ್ ಅಂತ ಮಾಡಿದ್ದೆ." ದಿನಕ್ಕೆ ನೂರು ಟಿಕೆಟ್ ಹೋಗುತ್ತಿದ್ದ ಕಾಲದಲ್ಲಿ ಬರೆದದ್ದು. ಆಗ ಅದು ಯಾರಿಗೂ ಅಡ್ಡ ಬಂದಿರಲಿಲ್ಲ.

ನಾವು ಮಾಡಿದ್ದು ಇಷ್ಟೇ. ಟ್ರಾನ್ಸಾಕ್ಷನ್ ಒಳಗೆ ಎಸ್‌ಎಂಎಸ್ ಕಳಿಸುವ ಬದಲು, 'ಇವರಿಗೆ ಎಸ್‌ಎಂಎಸ್ ಕಳಿಸಬೇಕು' ಅಂತ ಇನ್ನೊಂದು ಪಟ್ಟಿಯಲ್ಲಿ ಒಂದು ಸಾಲು ಬರೆದು `COMMIT` ಮಾಡುವುದು. ಬುಕಿಂಗ್ ಆದರೆ ಆ ಚೀಟಿಯೂ ಇರುತ್ತದೆ, ಬುಕಿಂಗ್ ಆಗದಿದ್ದರೆ ಚೀಟಿಯೂ ಇರುವುದಿಲ್ಲ. ಹುಡುಗನ ಆತಂಕಕ್ಕೆ ಅದೇ ಉತ್ತರ. ಆ ಚೀಟಿಗಳನ್ನು ಎತ್ತಿಕೊಂಡು ಎಸ್‌ಎಂಎಸ್ ಕಳಿಸಲು ಪಕ್ಕದಲ್ಲಿ ಬೇರೊಂದು ಪುಟ್ಟ ಪ್ರೋಗ್ರಾಂ. ಅದು ಕಳಿಸಲು ಸೋತರೆ ಮತ್ತೆ ಪ್ರಯತ್ನಿಸುತ್ತದೆ.

ಇದಕ್ಕೂ ಬೆಲೆ ಇದೆ, ಮ್ಯಾನೇಜರ್ ಅದನ್ನು ಒಪ್ಪಬೇಕು. ಎಸ್‌ಎಂಎಸ್ ಒಂದೆರಡು ಸೆಕೆಂಡ್ ತಡವಾಗಿ ಹೋಗುತ್ತದೆ. ಅಪರೂಪಕ್ಕೆ ಒಬ್ಬರಿಗೇ ಎರಡು ಸಲ ಹೋಗಬಹುದು, ಯಾಕೆಂದರೆ ಕಳಿಸಿದ ಮೇಲೆ, 'ಕಳಿಸಿದ್ದೇನೆ' ಅಂತ ಗುರುತು ಹಾಕುವ ಮುಂಚೆ ಆ ಪ್ರೋಗ್ರಾಂ ನಿಂತುಹೋದರೆ ಮತ್ತೆ ಕಳಿಸುತ್ತದೆ. ಎರಡು ಎಸ್‌ಎಂಎಸ್ ಬಂದರೆ ಯಾರೂ ಸಾಯುವುದಿಲ್ಲ ಅಂತ ತೀರ್ಮಾನವಾಯಿತು.

ಚಿಲಕ ಹಾಕಿದ ಹೊತ್ತು 250ರಿಂದ ಹೆಚ್ಚುಕಡಿಮೆ 10 ಮಿಲಿಸೆಕೆಂಡಿಗೆ ಇಳಿಯಿತು. ಸೆಕೆಂಡಿಗೆ ನಾಲ್ಕಿದ್ದದ್ದು ನೂರು. ಮೂರು ಸಾವಿರ ಸೀಟಿಗೆ ಅರ್ಧ ನಿಮಿಷ. ಜೊತೆಗೆ ಇನ್ನೊಂದು ಕೆಲಸ ಮಾಡಿದೆವು: ಆ್ಯಪ್ ಸರ್ವರ್‌ಗಳನ್ನು ಮರಳಿ ನಾಲ್ಕಕ್ಕೆ ಇಳಿಸಿ, ಒಟ್ಟು ಕನೆಕ್ಷನ್ ನಲವತ್ತು ಮಾತ್ರ ಇಟ್ಟೆವು. ನಲವತ್ತಕ್ಕಿಂತ ಹೆಚ್ಚು ಜನ ಬಂದರೆ ಅವರಿಗೆ 'ನೀವು ಕ್ಯೂನಲ್ಲಿದ್ದೀರಿ' ಅನ್ನುವ ಪುಟ. ಕ್ಯೂ ಡೇಟಾಬೇಸಿನ ಒಳಗೆ ಬೆಳೆಯುವ ಬದಲು ಹೊರಗೆ, ಕಣ್ಣಿಗೆ ಕಾಣುವ ಜಾಗದಲ್ಲಿ ಬೆಳೆಯಲಿ ಅಂತ. ಹೊರಗಿನ ಕ್ಯೂನಿಂದ ಬೇಸತ್ತು ಹೋದವರ ಸರದಿಯನ್ನು ತೆಗೆದುಹಾಕಬಹುದು. ಒಳಗಿನ ಕ್ಯೂನಲ್ಲಿ ಅದು ಅಷ್ಟು ಸುಲಭವಲ್ಲ.

ಸೆಕೆಂಡಿಗೆ ನೂರೂ ಸಾಲದು ಅನ್ನುವ ದಿನ ಬಂದರೆ? ಆಗ ಒಂದೇ ಸಾಲಿನ ಬದಲು ಹತ್ತು ಸಾಲು ಮಾಡಬಹುದು, ಪ್ರತಿಯೊಂದರಲ್ಲೂ ಮುನ್ನೂರು ಸೀಟು. ಹತ್ತು ಬಚ್ಚಲು, ಹತ್ತು ಚಿಲಕ. ಬಂದವರನ್ನು ಹತ್ತರಲ್ಲಿ ಯಾವುದಾದರೂ ಒಂದಕ್ಕೆ ಕಳಿಸುವುದು. ತೊಂದರೆ ಕೊನೆಯಲ್ಲಿ: ಒಂದು ಸಾಲು ಖಾಲಿಯಾಗಿ ಇನ್ನೊಂದರಲ್ಲಿ ಎಂಟು ಸೀಟು ಉಳಿದಿರುತ್ತದೆ, ಆಗ ಒಂದೊಂದಾಗಿ ಹುಡುಕಬೇಕು. 'ಒಟ್ಟು ಎಷ್ಟು ಉಳಿದಿದೆ' ಅಂತ ತೋರಿಸಲು ಹತ್ತನ್ನೂ ಕೂಡಬೇಕು. ಅಗತ್ಯ ಬೀಳುವ ಮುಂಚೆ ಇದನ್ನು ಮಾಡಲು ಹೋಗಬಾರದು.

ಹಾಗಾದರೆ ಡೇಟಾಬೇಸ್ ಸರ್ವರ್‌ಗಳನ್ನೇ ಹೆಚ್ಚಿಸಿದ್ದರೆ?

ಈ ಪ್ರಶ್ನೆಯನ್ನೂ ಕೇಳಿದರು. "ಆ್ಯಪ್ ಸರ್ವರ್ ಬೇಡ ಮೇಡಂ, ಡೇಟಾಬೇಸನ್ನೇ ಇನ್ನೆರಡು ಇಟ್ಟಿದ್ರೆ?" ಎರಡು ರೀತಿಯಲ್ಲಿ ಹೆಚ್ಚಿಸಬಹುದು. ಎರಡೂ ಒಳ್ಳೆಯವೇ, ಆದರೆ ಎರಡೂ ಈ ಕಾಯಿಲೆಗೆ ಔಷಧಿಯಲ್ಲ.

ಮೊದಲನೆಯದು ರೆಪ್ಲಿಕಾ, ಅಂದರೆ ಡೇಟಾಬೇಸಿನ ನಕಲು ಪ್ರತಿ. ಬರೆಯುವುದೆಲ್ಲ ಮೂಲದಲ್ಲಿ, ಓದುವುದು ಯಾವ ಪ್ರತಿಯಲ್ಲಾದರೂ. ಯಾವ ಊರಿನಲ್ಲಿ ಯಾವ ಶೋ ಇದೆ, ಎಷ್ಟು ಹೊತ್ತಿಗೆ, ಟಿಕೆಟ್ ಬೆಲೆ ಎಷ್ಟು, ಇಂಥ ಓದುವ ಕೆಲಸವೇ ಹೆಚ್ಚಿದ್ದರೆ ರೆಪ್ಲಿಕಾ ತುಂಬಾ ಉಪಯೋಗ. ಆದರೆ ಬುಕಿಂಗ್ ಬರೆಯುವ ಕೆಲಸ. ಅದು ಮೂಲದಲ್ಲೇ ಆಗಬೇಕು. ಅಷ್ಟೇ ಅಲ್ಲ, ಅಲ್ಲಿ ಬರೆದದ್ದನ್ನೆಲ್ಲ ಪ್ರತಿ ನಕಲಿನಲ್ಲೂ ಮತ್ತೊಮ್ಮೆ ಬರೆಯಬೇಕು. ಬರೆಯುವ ಹೊರೆ ಹಂಚಿಹೋಗುವುದಿಲ್ಲ, ಪ್ರತಿಯೊಂದರ ಮೇಲೂ ಪೂರ್ತಿ ಬೀಳುತ್ತದೆ. ಜೊತೆಗೆ ನಕಲು ಮೂಲಕ್ಕಿಂತ ಕೊಂಚ ಹಿಂದಿರುತ್ತದೆ. ಈಗಷ್ಟೇ ಟಿಕೆಟ್ ತೆಗೆದವರು 'ನನ್ನ ಟಿಕೆಟ್‌ಗಳು' ಪುಟ ತೆರೆದರೆ ಖಾಲಿ ಕಾಣಬಹುದು.

ಎರಡನೆಯದು ಶಾರ್ಡಿಂಗ್, ಅಂದರೆ ಲೆಕ್ಕದ ಪುಸ್ತಕವನ್ನೇ ಹರಿದು ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು. ಮೈಸೂರಿನ ಶೋಗಳು ಒಂದರಲ್ಲಿ, ಹುಬ್ಬಳ್ಳಿಯವು ಇನ್ನೊಂದರಲ್ಲಿ ಅನ್ನುವ ಹಾಗೆ. ಇಲ್ಲಿ ಬರೆಯುವ ಹೊರೆ ನಿಜವಾಗಿಯೂ ಹಂಚಿಹೋಗುತ್ತದೆ. ಆದರೆ ಆ ಬೆಳಿಗ್ಗೆ ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಶೋ, ಒಂದೇ ಸಾಲು. ಆ ಸಾಲು ಯಾವುದೋ ಒಂದು ಯಂತ್ರದಲ್ಲೇ ಇರುತ್ತದೆ. ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಉಳಿದ ಯಂತ್ರಗಳು ನೋಡುತ್ತಾ ಕೂರುತ್ತವೆ.

ಹಳೆಯ ಸೂತ್ರ

ಇದೇನೂ ಹೊಸ ಸಂಗತಿಯಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದರ ಹಿಂದಿನ ವಾದವನ್ನು ಮುಂದಿಟ್ಟರು. ಕೆಲಸದಲ್ಲಿ ಒಬ್ಬರಾದ ಮೇಲೆ ಒಬ್ಬರೇ ಮಾಡಬೇಕಾದ ಪಾಲು s ಇದ್ದರೆ, N ಯಂತ್ರ ಹಾಕಿದಾಗ ವೇಗ ಎಷ್ಟು ಪಟ್ಟು ಆಗುತ್ತದೆ ಅನ್ನುವುದು ಹೀಗೆ:

```
1 / (s + (1 - s) / N)
```

ನೂರಕ್ಕೆ ಹತ್ತು ಪಾಲು ಮಾತ್ರ ಒಬ್ಬರಾದ ಮೇಲೆ ಒಬ್ಬರು ಮಾಡಬೇಕಾದದ್ದು ಅಂದುಕೊಳ್ಳಿ. ಹತ್ತು ಯಂತ್ರ ಹಾಕಿದರೆ ವೇಗ ಹತ್ತು ಪಟ್ಟು ಆಗುವುದಿಲ್ಲ, ಸುಮಾರು 5.3 ಪಟ್ಟು. ನೂರು ಯಂತ್ರ ಹಾಕಿದರೂ 9.2 ಪಟ್ಟು. ಎಷ್ಟೇ ಹಾಕಿದರೂ ಹತ್ತು ಪಟ್ಟು ದಾಟುವುದಿಲ್ಲ. ನಮ್ಮ ಸಂಗೀತ ಕಾರ್ಯಕ್ರಮದ ಸಾಲಿನಲ್ಲಿ ಆ ಪಾಲು ನೂರಕ್ಕೆ ನೂರರ ಹತ್ತಿರ. ಸೂತ್ರಕ್ಕೆ ಹಾಕಿ ನೋಡಿ, ಉತ್ತರ ಒಂದು. ಹನ್ನೆರಡು ಸರ್ವರಿಗೂ ಒಂದೇ ಪಟ್ಟು.

ಈ ಸೂತ್ರ ಹೇಳುವುದು ವೇಗ ಹೆಚ್ಚದೆ ನಿಲ್ಲುತ್ತದೆ ಅಂತ ಮಾತ್ರ. ಕಾದು ಕಾದು ಮತ್ತೆ ಒತ್ತುವ ಜನರ ಲೆಕ್ಕ ಅದರಲ್ಲಿಲ್ಲ. ಆ ಲೆಕ್ಕ ಸೇರಿದಾಗಲೇ ವೇಗ ಕೆಳಗಿಳಿಯುವುದು.

ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ

ಮ್ಯಾನೇಜರ್‌ಗೆ ಕೋಡ್ ಗೊತ್ತಿರಬೇಕಿಲ್ಲ. ಸರ್ವರ್ ಹೆಚ್ಚಿಸುವ ಕೋರಿಕೆ ಟೇಬಲ್ ಮೇಲೆ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು.

ಒಂದು: "ನಿಧಾನವಾದ ಹೊತ್ತಿನಲ್ಲಿ ಡೇಟಾಬೇಸ್ ಕೆಲಸ ಮಾಡ್ತಿತ್ತಾ, ಕಾಯ್ತಿತ್ತಾ?" ಸಿಪಿಯು ಅಥವಾ ಡಿಸ್ಕ್ ಅಂಚು ಮುಟ್ಟಿದ್ದರೆ ಕೆಲಸ ಮಾಡುತ್ತಿತ್ತು, ಯಂತ್ರ ಹೆಚ್ಚಿಸುವ ಮಾತಿಗೆ ಅರ್ಥವಿದೆ. ಎರಡೂ ಆರಾಮಾಗಿದ್ದು ಜನ ಕಾಯುತ್ತಿದ್ದರೆ, ಯಾತಕ್ಕೆ ಕಾಯುತ್ತಿದ್ದಾರೆ ಅನ್ನುವ ಉತ್ತರ ಸಿಗುವವರೆಗೆ ಸಹಿ ಬೇಡ.

ಎರಡು: "ಹೊರೆ ಓದೋದ್ರದ್ದಾ, ಬರೆಯೋದ್ರದ್ದಾ?" ಓದುವುದಾದರೆ ರೆಪ್ಲಿಕಾ ಬಗ್ಗೆ ಮಾತಾಡಬಹುದು. ಬರೆಯುವುದಾದರೆ ಮೂರನೇ ಪ್ರಶ್ನೆಗೆ ಹೋಗಿ.

ಮೂರು: "ಎಲ್ಲರೂ ಬರೀತಿರೋದು ಒಂದೇ ಜಾಗದಲ್ಲಾ, ಬೇರೆ ಬೇರೆ ಜಾಗದಲ್ಲಾ?" ಬೇರೆ ಬೇರೆ ಸಾಲುಗಳಾದರೆ ಹಂಚಬಹುದು. ಒಂದೇ ಸಾಲಾದರೆ ಚಿಲಕ ಎಷ್ಟು ಹೊತ್ತು ಬಿದ್ದಿರುತ್ತದೆ ಅಂತ ಮಿಲಿಸೆಕೆಂಡಿನಲ್ಲಿ ಕೇಳಿ. ಸಾವಿರವನ್ನು ಆ ಅಂಕಿಯಿಂದ ಭಾಗಿಸಿದರೆ ನಿಮ್ಮ ವ್ಯವಸ್ಥೆ ಒಂದು ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಬುಕಿಂಗ್ ಮಾಡಬಲ್ಲದು ಅನ್ನುವುದು ಸಿಗುತ್ತದೆ. ಆ ಭಾಗಾಕಾರಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು.

ಮೂರನೇ ಪ್ರಶ್ನೆಗೆ 'ಗೊತ್ತಿಲ್ಲ, ನೋಡಿ ಹೇಳ್ತೀವಿ' ಅನ್ನುವ ಉತ್ತರ ಬಂದರೆ ಬೇಸರ ಬೇಡ. ತಂಡಕ್ಕೆ ಎರಡು ದಿನ ಕೊಟ್ಟು ಅಳೆಯಲು ಹೇಳಿ. ಈ ಪ್ರಕರಣದಲ್ಲಿ ಸರಿಮಾಡಲು ಹಿಡಿದದ್ದು ಒಬ್ಬ ಡೆವಲಪರ್‌ನ ಒಂದು ವಾರ, ಅದರಲ್ಲೂ ಹೆಚ್ಚು ಹೊತ್ತು ಹೋದದ್ದು ಪರೀಕ್ಷೆಗೆ. ಎಸ್‌ಎಂಎಸ್ ಕಳಿಸುವ ಸಾಲನ್ನು `COMMIT` ಮೇಲಿಂದ ತೆಗೆದದ್ದು ಅದೇ ಹುಡುಗ.